ಗೌರಿ ಹಬ್ಬದ ಮನಿಯಾರ್ಡರು

ನಾಗಮಂಗಲ ಸೀಮೆಯ ಒಂದು ಹಳ್ಳಿಯಲ್ಲಿ ಶಾಖಾ ಅಂಚೆ ಕಚೇರಿ ನಡೆಸಿದವಳು ನಾನು. ಕಚೇರಿ ಅಂದರೆ ನಮ್ಮ ಮನೆಯದೇ ಪಡಸಾಲೆ: ಒಂದು ಮೇಜು, ತಕ್ಕಡಿ, ಮೊಹರು, ಬೀಗ ಹಾಕುವ ಪೆಟ್ಟಿಗೆ. ಶ್ರಾವಣ ಮುಗಿಯುತ್ತಾ ಬಂತೆಂದರೆ ಮನಿಯಾರ್ಡರುಗಳ ಸುಗ್ಗಿ. ನಮ್ಮ ಕಡೆ ಭಾದ್ರಪದದ ತದಿಗೆಗೆ, ಅಂದರೆ ಗೌರಿ ಹಬ್ಬಕ್ಕೆ, ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಹೋಗಿ ಬಾಗಿನ ಕೊಟ್ಟು ಬರಬೇಕು. ಹೋಗಲಾಗದವನು ಅರಿಶಿನ ಕುಂಕುಮಕ್ಕೆ ಅಂತ ದುಡ್ಡು ಕಳಿಸಬೇಕು. ಬೆಂಗಳೂರು, ಮುಂಬಯಿ ಸೇರಿದ ಗಂಡುಮಕ್ಕಳ ದುಡ್ಡು ನಮ್ಮೂರ ಸೊಸೆಯರಿಗೆ ಬರುತ್ತಿತ್ತು. ನಮ್ಮೂರ ಗಂಡುಮಕ್ಕಳ ದುಡ್ಡು ಹೊರಗೆ ಹೋಗುತ್ತಿತ್ತು. ಹೋಗುವುದಕ್ಕೆ ನಾಲ್ಕು ಸಾಲು ಬರೆದುಕೊಡುವುದು, ಬಂದದ್ದನ್ನು ಓದಿ ಹೇಳುವುದು, ಆಮೇಲೆ ಉತ್ತರ ಬರೆಯುವುದು, ಮೂರೂ ನನ್ನ ಪಾಲಿಗೇ ಬಂದವು. ಹಾಗೆ ಬರೆದು ಓದಿ ಕಲಿತ ಕೆಲವು ಸಂಗತಿಗಳು ಇವು.

1. ಮೊದಲು ಯಾರ ಕಿವಿಗೆ ಬೀಳುತ್ತದೆ ಅಂತ ನೋಡಿ

ಮನಿಯಾರ್ಡರಿನ ಫಾರಂ ನೋಡಿದವರಿಗೆ ನೆನಪಿರಬಹುದು. ಮುಖ್ಯ ಭಾಗದಲ್ಲಿ ಹೆಸರು, ವಿಳಾಸ, ಮೊತ್ತ. ಇನ್ನೊಂದು ತುಂಡು ಸ್ವೀಕೃತಿ. ಹಣ ಪಡೆದವರ ಸಹಿ ಬಿದ್ದ ಮೇಲೆ ಅದು ಕಳಿಸಿದವನಿಗೆ ವಾಪಸ್ ಹೋಗುತ್ತಿತ್ತು. ಕೆಳಗಿನ ತುಂಡೇ ಕೂಪನ್. ನಾಲ್ಕು ಬೆರಳಗಲದ ಆ ಜಾಗದಲ್ಲಿ ಅಣ್ಣನೋ ತಮ್ಮನೋ ಏನು ಹೇಳಬೇಕೋ ಅದನ್ನೆಲ್ಲ ಹೇಳಿ ಮುಗಿಸಬೇಕಿತ್ತು.

ಹಣವನ್ನು ಯಾರ ಹೆಸರಿಗೆ ಬಂದಿದೆಯೋ ಅವಳ ಕೈಗೇ ಕೊಡಬೇಕಿತ್ತು. ಯಜಮಾನರು ಬಂದು "ನಾನೇ ಇಸ್ಕೊಂಡು ಹೋಗ್ತೀನಿ ಬುಡವ್ವ" ಅಂದರೂ ಕೊಡುವ ಹಾಗಿರಲಿಲ್ಲ. ಸಹಿ ಬಾರದವಳಾದರೆ ಹೆಬ್ಬೆಟ್ಟು, ಹೆಬ್ಬೆಟ್ಟಿಗೆ ಒಬ್ಬ ಸಾಕ್ಷಿ. ಹೀಗಾಗಿ ಪೋಸ್ಟ್‌ಮನ್ ಜಗಲಿಯ ಮೇಲೆ ಕೂತು ನೋಟು ಎಣಿಸಿ, ನಾನು ಕೂಪನ್ ಓದುವ ಹೊತ್ತಿಗೆ ಅತ್ತೆ, ಓರಗಿತ್ತಿ, ಸಾಕ್ಷಿಗೆ ಕರೆದ ಪಕ್ಕದ ಮನೆಯವನು ಎಲ್ಲರೂ ಅಲ್ಲೇ ಇರುತ್ತಿದ್ದರು. ತಮ್ಮ ಬರೆದದ್ದು ಅಕ್ಕನ ಕಿವಿಗೆ ಬೀಳುವಾಗ ಅವರೆಲ್ಲರ ಕಿವಿಗೂ ಬೀಳುತ್ತಿತ್ತು.

ಒಬ್ಬ ಹುಡುಗ ಮೊದಲ ಸಲ ಊರು ಬಿಟ್ಟವನು, "ನಿನ್ನನ್ನು ನೆನೆಸಿಕೊಂಡರೆ ಅಳು ಬರುತ್ತದೆ ಅಕ್ಕ" ಅಂತ ಬರೆದಿದ್ದ. ಅಪ್ಪಟ ಪ್ರೀತಿಯ ಮಾತೇ. ಆದರೆ ಅದನ್ನು ಓದಿದ ಕೂಡಲೇ ಅವಳ ಅತ್ತೆ, "ಯಾಕವ್ವ, ನಾವೇನು ಇಲ್ಲಿ ನಿನ್ನ ಉಪವಾಸ ಕೆಡವಿದೀವಾ?" ಅಂದರು. ಅಕ್ಕ ದುಡ್ಡು ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ಜಗಲಿಯ ಮೇಲೆ ಅಳುವನ್ನು ಓದುವುದು ಕಷ್ಟ, ನಗುವನ್ನು ಓದಬಹುದು. ಗೌರಿ ಹಬ್ಬದ ಕೂಪನ್ನುಗಳಲ್ಲಿ ಅಷ್ಟೊಂದು ಕೀಟಲೆ ತುಂಬಿಕೊಂಡಿದ್ದಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ. ಎಲ್ಲರೂ ನಗಲಿ, ಒಬ್ಬಳಿಗೆ ಮಾತ್ರ ಪೂರ್ತಿ ಅರ್ಥವಾಗಲಿ ಅನ್ನುವುದು ಬರೆಯುವವನ ಜಾಣತನ.

2. ಕೀಟಲೆಗೆ ಹಿಡಿಕೆ ಬೇಕು

"ನೀನು ಮೊದಲಿಂದ ಜಗಳಗಂಟಿ", "ನೀನು ತಿಂಡಿಪೋತಿ" ಅಂತ ಬರೆಸಲು ಬರುವವರಿದ್ದರು. ಇದು ಯಾವ ತಂಗಿಗೆ ಬೇಕಾದರೂ ಹೊಂದುತ್ತದೆ, ಅದಕ್ಕೇ ಯಾರಿಗೂ ತಾಗುವುದಿಲ್ಲ. "ಅವಳು ಯಾವತ್ತು ಏನು ತಿಂದಳು, ಅದು ಹೇಳು" ಅಂತ ನಾನು ಕೇಳುತ್ತಿದ್ದೆ. ತಲೆ ಕೆರೆದುಕೊಂಡು ಕೂತವನಿಗೆ ಐದು ನಿಮಿಷಕ್ಕೆ ಏನಾದರೊಂದು ಸಿಗುತ್ತಿತ್ತು: ಅಟ್ಟದ ಮೇಲಿನ ಬೆಲ್ಲದ ಗಡಿಗೆ, ಹರಿದ ಪಾಟಿಚೀಲ, ಬಾವಿಗೆ ಬಿದ್ದ ಕೊಡ.

ನನಗೆ ಬಹಳ ಹಿಡಿಸಿದ ಒಂದು ಕೂಪನ್ ಹೇಳುತ್ತೇನೆ. ತಮ್ಮ ಪೀಣ್ಯದಲ್ಲಿ ಲೇತ್ ಮಿಷನ್ ಮೇಲೆ ಕೆಲಸ ಮಾಡುತ್ತಿದ್ದವನು, ಅಕ್ಕ ನಮ್ಮೂರಿಗೆ ಸೊಸೆಯಾಗಿ ಬಂದವಳು. ಅವನು ಕಳಿಸಿದ್ದು ನೂರೊಂದು ರೂಪಾಯಿ. ಕಮಿಷನ್ನಿನ ಲೆಕ್ಕ ಆಗ ಹೀಗಿತ್ತು: ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ, ಇಪ್ಪತ್ತರ ಮೇಲೆ ಒಂದೇ ರೂಪಾಯಿ ಹೆಚ್ಚಿದ್ದರೂ ಇನ್ನೊಂದು. ನೂರಕ್ಕೆ ಐದು ರೂಪಾಯಿ ಸಾಕು, ನೂರೊಂದಕ್ಕೆ ಆರು. ಶುಭಕ್ಕೆ ಅಂತ ಸೇರಿಸಿದ ಒಂದು ರೂಪಾಯಿಯನ್ನು ಕಳಿಸಲು ಇನ್ನೊಂದು ರೂಪಾಯಿ ಕೊಡಬೇಕಿತ್ತು. ನಮ್ಮ ಜನ ಬೈದುಕೊಂಡೇ ಕೊಡುತ್ತಿದ್ದರು, ಆದರೆ ಬರೀ ನೂರು ಕಳಿಸುತ್ತಿರಲಿಲ್ಲ. ಅವನು ಬರೆದದ್ದು ಇಷ್ಟು:

"ಅಕ್ಕನಿಗೆ ತಮ್ಮನ ನಮಸ್ಕಾರ. ಹಬ್ಬಕ್ಕೆ 101 ಕಳಿಸಿದ್ದೇನೆ. ನೂರು ಅರಿಶಿನ ಕುಂಕುಮಕ್ಕೆ. ಒಂದು ಚುಂಚನಗಿರಿ ಜಾತ್ರೆಯ ಸಾಲ. ಆ ಒಂದನ್ನು ಕಳಿಸೋಕೆ ಸರ್ಕಾರ ಇನ್ನೊಂದು ಕಿತ್ತುಕೊಂಡಿದೆ, ಬಡ್ಡಿ ಅಂತ ಅದನ್ನೇ ಹಿಡಿದುಕೋ. ಬಳೆ ಹಸಿರೇ ಇರಲಿ. ಅತ್ತೆಯವರಿಗೆ, ಭಾವನವರಿಗೆ ನಮಸ್ಕಾರ."

ಜಗಲಿಯಲ್ಲಿ ಎಲ್ಲರೂ ನಕ್ಕರು. ಸರ್ಕಾರವನ್ನು ಬೈದದ್ದಕ್ಕೆ ಅತ್ತೆಯೂ ನಕ್ಕರು. ಅಕ್ಕ ಮಾತ್ರ ನಗುತ್ತಲೇ ಕಣ್ಣು ಒರೆಸಿಕೊಂಡಳು. ಯಾಕೆ ಅಂತ ನನಗೆ ಗೊತ್ತಾದದ್ದು ಹಬ್ಬ ಕಳೆದು ಉತ್ತರ ಬರೆಸಲು ಬಂದಾಗ. ಚಿಕ್ಕಂದಿನಲ್ಲಿ ಆದಿಚುಂಚನಗಿರಿ ಜಾತ್ರೆಗೆ ಹೋದಾಗ ಬಳೆಗೆ ಅಂತ ಅವಳು ಕೂಡಿಟ್ಟಿದ್ದ ಕಾಸನ್ನು ಇವನು ಲಂಗದ ಗಂಟು ಬಿಚ್ಚಿ ತೆಗೆದುಕೊಂಡು ಪೀಪಿ ಕೊಂಡಿದ್ದ. ಅವಳು ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಮೇಲೆ ನೋಡಿದರೆ ಸಾಲದ ತಮಾಷೆ. ಅಂದು ನನ್ನಿಂದ ನಿನಗೆ ಬಳೆ ತಪ್ಪಿತು, ಇಂದು ನನ್ನ ದುಡ್ಡಲ್ಲಿ ಹಾಕಿಕೋ ಅನ್ನುವುದು ಅದರ ಒಳಗಿನ ಮಾತು. ಅದನ್ನು ಬಿಡಿಸಿ ಬರೆದಿದ್ದರೆ ನಾಟಕದ ಮಾತಾಗುತ್ತಿತ್ತು. "ಬಳೆ ಹಸಿರೇ ಇರಲಿ" ಅನ್ನುವ ಮೂರು ಪದದಲ್ಲಿ ಕೆಲಸ ಮುಗಿಯಿತು.

ಇನ್ನೊಂದು ವಿಷಯ ಗಮನಿಸಿ. ಇಲ್ಲಿ ಹಾಸ್ಯಕ್ಕೆ ಸಿಕ್ಕವನು ಅವನೇ. ಸಾಲಗಾರ ಅವನು, ಕದ್ದವನು ಅವನು, ಸರ್ಕಾರದ ಕೈಲಿ ಕಿತ್ತುಕೊಳ್ಳಿಸಿಕೊಂಡವನೂ ಅವನೇ. ಕೊಡುವ ಕೈ ತನ್ನನ್ನೇ ಸ್ವಲ್ಪ ಕೆಳಗೆ ಹಿಡಿದುಕೊಂಡರೆ ತೆಗೆದುಕೊಳ್ಳುವವಳಿಗೆ ಸಂಕೋಚ ಇರುವುದಿಲ್ಲ. ತಂಗಿಯ ಕೈಗೆ ದುಡ್ಡು ಇಡುತ್ತಾ ಅವಳನ್ನೇ ಅಣಕಿಸಿದರೆ, ಎಷ್ಟೇ ಸಲಿಗೆಯಿದ್ದರೂ ಒಂದು ಮುಳ್ಳು ಉಳಿಯುತ್ತದೆ.

3. ಉತ್ತರದಲ್ಲಿ ಲೆಕ್ಕ ಚುಕ್ತಾ ಮಾಡಬೇಡಿ

"ನೀನು ಕಳಿಸಿದ ಹಣ ತಲುಪಿತು, ಬಹಳ ಸಂತೋಷವಾಯಿತು" ಅಂತ ಬರೆದರೆ ಅದು ರಸೀತಿ. ರಸೀತಿ ಆಗಲೇ ಹೋಗಿರುತ್ತಿತ್ತಲ್ಲ, ಸ್ವೀಕೃತಿಯ ತುಂಡಿನಲ್ಲಿ. ನಮ್ಮ ಕೆಲವು ಹೆಣ್ಣುಮಕ್ಕಳು ಹೆಬ್ಬೆಟ್ಟು ಒತ್ತಿದ ಮೇಲೆ ಆ ತುಂಡಿನ ಮೂಲೆಗೆ ಒಂದು ಚೂರು ಕುಂಕುಮ ಸವರುತ್ತಿದ್ದರು. ರೂಲ್ಸಿನಲ್ಲಿ ಅದಕ್ಕೆ ಜಾಗವಿತ್ತೋ ಇಲ್ಲವೋ, ನಾನು ಬೇಡ ಅನ್ನಲಿಲ್ಲ.

ಮೇಲೆ ಹೇಳಿದ ಅಕ್ಕ ಇನ್‌ಲ್ಯಾಂಡ್ ಲೆಟರ್ ತಂದು ಮೇಜಿನ ಮೇಲಿಟ್ಟು ಹೇಳುತ್ತಾ ಹೋದಳು, ನಾನು ಬರೆದೆ. ಮೊದಲ ಸಾಲಿನ ಒಕ್ಕಣೆಯಷ್ಟೇ ನನ್ನದು, ಉಳಿದದ್ದು ಅವಳ ಬಾಯಿಂದ ಬಂದ ಹಾಗೇ ಇದೆ:

"ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುತ್ತಿರು. ನೀನು ಆವತ್ತು ತೆಗೆದದ್ದು ಒಂದು ರೂಪಾಯಿ ಅಲ್ಲ ಕಣಪ್ಪ, ಎಂಟಾಣೆ. ಪೀಪಿ ಊದೀ ಊದೀ ಲೆಕ್ಕ ಮರೆತಿದ್ದೀಯ. ಇಷ್ಟು ವರ್ಷಕ್ಕೆ ಈ ಒಂದು ರೂಪಾಯಿ ಬಡ್ಡಿಗೂ ಸಾಲದು. ಸರ್ಕಾರಕ್ಕೆ ಕೊಟ್ಟದ್ದನ್ನು ಸರ್ಕಾರದ ಹತ್ತಿರವೇ ಕೇಳು, ನನ್ನ ಲೆಕ್ಕಕ್ಕೆ ಬರಲ್ಲ. ಅಸಲು ಎಂಟಾಣೆ ಹಾಗೇ ನಿಂತಿದೆ, ದೀಪಾವಳಿಗೆ ನೀನೇ ತಂದು ನನ್ನ ಕೈಗೆ ಕೊಡು, ಮನಿಯಾರ್ಡರ್ ಮಾಡಿದರೆ ವಾಪಸ್ ಕಳಿಸುತ್ತೇನೆ. ಹಸಿರು ಬಳೆ ಒಂದು ಡಜನ್ ಇಡಿಸಿಕೊಂಡೆ. ನಾಗಮಂಗಲದ ಬಳೆ ಅಂಗಡಿಯವನು ಗಾಜಿನ ಬಳೆಗೂ ಚೌಕಾಸಿ ಮಾಡ್ತೀಯಲ್ಲವ್ವ ಅಂದ. ರಾತ್ರಿ ಪಾಳಿ ಇದ್ದರೆ ಉಂಡು ಹೋಗು, ಬಂದು ಉಣ್ಣುತ್ತೇನೆ ಅನ್ನಬೇಡ. ಹದಿನಾರು ಗಂಟಿನ ದಾರ ಕಟ್ಟಿಕೊಳ್ಳುವಾಗ ನಿನ್ನ ಹೆಸರು ಹೇಳಿಕೊಂಡೆ. ಮಡಿಕೆಯೊಳಗೆ ಕುಂಕುಮ ಒತ್ತಿದ್ದೇನೆ, ಹಣೆಗೆ ಇಟ್ಟುಕೋ."

ಇನ್‌ಲ್ಯಾಂಡ್ ಲೆಟರಿನ ಒಳಗೆ ಏನನ್ನೂ ಇಡಬಾರದು ಅಂತ ಅದರ ಮೇಲೇ ಅಚ್ಚಾಗಿರುತ್ತಿತ್ತು. ಪೊಟ್ಟಣ ಕಟ್ಟಿ ಇಟ್ಟರೆ ಉಬ್ಬು ಕಾಣುತ್ತದೆ. ಅದಕ್ಕೆ ಬೆರಳಿಗೆ ಎಣ್ಣೆ ಮುಟ್ಟಿಸಿಕೊಂಡು ಕುಂಕುಮವನ್ನು ಕಾಗದಕ್ಕೇ ಒತ್ತುವ ಉಪಾಯ.

ಅವಳ ಜಾಣತನ ನೋಡಿ. ಮೊತ್ತವನ್ನು ತಾನೇ ಅರ್ಧಕ್ಕೆ ಇಳಿಸಿದಳು, ಆದರೂ ಸಾಲ ತೀರದ ಹಾಗೆ ಮಾಡಿದಳು. ಬಡ್ಡಿ ವ್ಯವಹಾರ ಬಲ್ಲವರು ಬಂದದ್ದನ್ನು ಮೊದಲು ಬಡ್ಡಿಗೆ ಜಮಾ ಮಾಡಿಕೊಂಡು ಅಸಲನ್ನು ಹಾಗೇ ಬಿಡುತ್ತಾರಲ್ಲ, ಅದೇ ಪಟ್ಟು. ಆ ಎಂಟಾಣೆ ಬಾಕಿ ಉಳಿದರೆ ಅವನು ಬರಲೇಬೇಕು. "ದೀಪಾವಳಿಗೆ ಬಾ" ಅಂತ ಕರೆದಿದ್ದರೆ ಅವನಿಗೆ ರಜೆ ಇಲ್ಲ ಅನ್ನುವ ಒಂದು ಸಾಲು ಸಾಕಿತ್ತು. ಸಾಲಗಾರನಿಗೆ ಹಾಗೆ ಜಾರಿಕೊಳ್ಳಲು ದಾರಿ ಇಲ್ಲ. ಪ್ರೀತಿಯ ಮಾತು ಬಂದದ್ದು ಕೊನೆಗೆ, ಅದೂ ಊಟದ ಹೆಸರಲ್ಲಿ. ಕೀಟಲೆ ಮುಗಿದ ಮೇಲೆ ಹೀಗೆ ಎರಡು ಸಾಲು ಬಂದರೆ ಸಾಕು. ಮೊದಲೇ ಬಂದರೆ ಆಮೇಲಿನ ಕೀಟಲೆಗೆ ಜೀವ ಇರುವುದಿಲ್ಲ.

4. ಏನು ತಗೊಂಡೆ ಅಂತ ಕೇಳಿ

ಇದು ಅಣ್ಣತಮ್ಮಂದಿರಿಗೆ. ದುಡ್ಡು ಅವಳ ಕೈಗೇ ಸಿಗಬೇಕೆಂದು ಕಾಯಿದೆ ಇತ್ತು, ಆದರೆ ಪೋಸ್ಟ್‌ಮನ್ ಬೆನ್ನು ತಿರುಗಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಕಾಯಿದೆ ಇರಲಿಲ್ಲ. ಗೊಬ್ಬರದ ಅಂಗಡಿಗೂ ಹೋಗಬಹುದಿತ್ತು, ಸಾರಾಯಿ ಅಂಗಡಿಗೂ ಹೋಗಬಹುದಿತ್ತು. ನೇರವಾಗಿ ಕೇಳಿದರೆ ಅವಳು ಹೇಳುವುದಿಲ್ಲ, ಕೇಳಿದ್ದು ಮನೆಯವರ ಕಿವಿಗೂ ಬೀಳುತ್ತದೆ. ಆದರೆ "ಬಳೆ ಹಸಿರೇ ಇರಲಿ", "ರವಿಕೆಗೆ ಈ ಸಲವೂ ಅದೇ ಪಾಚಿ ಬಣ್ಣ ತಗೊಂಡರೆ ಮಾತಾಡಿಸಲ್ಲ" ಅಂತ ಬರೆದರೆ ಯಾರಿಗೂ ಅನುಮಾನವಿಲ್ಲ. ಉತ್ತರದಲ್ಲಿ ಬಳೆಯ ಮಾತು ಬರುತ್ತದೋ ಇಲ್ಲವೋ, ಅದನ್ನು ನೋಡಿಕೊಳ್ಳಬೇಕು.

ಅಂಗಡಿಯವನ ಮಾತಿನ ಸಮೇತ ಬಳೆಯ ಸುದ್ದಿ ಬಂದರೆ ನಿಜವಾಗಿ ಕೊಂಡಿದ್ದಾಳೆ. "ನೀನು ಹೇಳಿದ್ದೆಲ್ಲ ತಗೊಂಡೆ" ಅಂತ ಒಟ್ಟಾರೆ ಬಂದರೆ ಕೊಂಡಿಲ್ಲ. ಏನೂ ಬಾರದೆ ಬರೀ ಆಶೀರ್ವಾದ ಬಂದರೆ ಒಂದು ಸಲ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು. ನಾನು ಉತ್ತರ ಬರೆಯುವಾಗ "ಬಳೆಯ ವಿಷಯ ಏನು ಬರೀಲವ್ವ?" ಅಂತ ಕೇಳಿದರೆ ಸುಮ್ಮನೆ ಗೋಡೆ ನೋಡಿದವರಿದ್ದಾರೆ. ಅಲ್ಲಿ ನಾನು ಸುಳ್ಳು ಬಳೆ ಬರೆಯಲಿಲ್ಲ. ಆ ಸಾಲನ್ನೇ ಬಿಟ್ಟೆ. ಓದುವವನಿಗೆ ಬುದ್ಧಿಯಿದ್ದರೆ ತಿಳಿಯಲಿ ಅಂತ.

5. ಸಾಲದ ತಮಾಷೆ ನಿಜವಾದ ಸಾಲವಿದ್ದಲ್ಲಿ ನಡೆಯುವುದಿಲ್ಲ

ಗಂಡನ ಸಂಪಾದನೆ, ಮಕ್ಕಳಾಗದಿರುವುದು, ಅತ್ತೆ ಮನೆಯ ಅಡುಗೆ, ಈ ಮೂರನ್ನು ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತು. "ನಿಮ್ಮ ಮನೆಯವರಂತೂ ಕೊಡಿಸಲ್ಲ, ನಾನೇ ಕಳಿಸಿದ್ದೇನೆ" ಅಂತ ಒಬ್ಬ ಅಣ್ಣ ತಮಾಷೆಗೆ ಬರೆದ. ಭಾವನೂ ಜಗಲಿಯಲ್ಲೇ ಕೂತಿದ್ದ. ಆ ವರ್ಷ ಆ ಹುಡುಗಿ ಯುಗಾದಿಗೂ ತವರಿಗೆ ಹೋಗಲಿಲ್ಲ.

ಹೆಚ್ಚು ಜನಕ್ಕೆ ಹೊಳೆಯದೆ ಇರುವುದು ಬೇರೆಯೇ ಇದೆ, ಜಮೀನು. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು, ಆದರೆ ಅದಕ್ಕೆ ಮುಂಚೆ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆಮೇಲೆ ಹಬ್ಬದ ಆಸುಪಾಸಿನಲ್ಲೇ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಕೇಳುವ ಮನೆಗಳನ್ನು ನೋಡಿದೆ. ಪಾಲು ಬಿಟ್ಟುಕೊಡುವ ಹೆಣ್ಣುಮಗಳಿಗೆ ಕೊಡುವ ಅಲ್ಪಸ್ವಲ್ಪ ದುಡ್ಡಿಗೂ ನಮ್ಮವರು "ಅರಿಶಿನ ಕುಂಕುಮಕ್ಕೆ" ಅಂತಲೇ ಹೇಳುವುದು. ಅಂಥ ವರ್ಷ ಅಣ್ಣ "ನಿನ್ನ ಸಾಲ ತೀರಿಸಿದ್ದೇನೆ" ಅಂತ ನಗುತ್ತಾ ಬರೆದರೆ ಅವಳಿಗೆ ಹೇಗೆ ಕೇಳಿಸೀತು? ಅದೇ ಪೀಪಿ, ಅದೇ ಎಂಟಾಣೆಯ ಮಾತು ಅಲ್ಲಿ ಚುಚ್ಚುತ್ತದೆ. ಪಾಲಿನ ಮಾತು ನಡೆಯುತ್ತಿರುವಾಗ ಹಣ, ಸಾಲ, ಲೆಕ್ಕ ಇವು ಯಾವುವೂ ಶುಭಾಶಯದಲ್ಲಿ ಬೇಡ. ಅವ್ವ ಮಾಡುತ್ತಿದ್ದ ಕರಿಗಡುಬಿನ ಮಾತಾಡಿ, ಹಸು ಕರು ಹಾಕಿದ್ದನ್ನು ಹೇಳಿ. ಪಾಲಿನ ವಿಷಯವನ್ನು ಹಬ್ಬ ಕಳೆದ ಮೇಲೆ ಎದುರುಬದುರು ಕೂತು ಮಾತಾಡಿ.

ಅಂಥದ್ದೊಂದು ಮನೆಯಲ್ಲಿ ತಂಗಿಯೇ ಕೀಟಲೆ ಶುರು ಮಾಡಿದ್ದೂ ಉಂಟು. "ಮೂಡಲ ಹೊಲದ ಮಾವಿನ ಮರ ಯಾರ ಪಾಲಿಗಾದರೂ ಹೋಗಲಿ ಅಣ್ಣ, ಕೆಳಗೆ ಬಿದ್ದ ಕಾಯಿ ಮಾತ್ರ ನನ್ನವು" ಅಂತ ಬರೆಸಿದಳು. ಅದು ನಡೆಯಿತು. ಯಾಕೆಂದರೆ ಬಿಟ್ಟುಕೊಡಬೇಕಾದವಳು ಅವಳು. ನೋಯಬಹುದಾದವರಿಗೆ ನಗುವ ಹಕ್ಕು ಮೊದಲು.

6. ದಿನದ ಹೆಸರು ಬರೆಯಬೇಡಿ

ಚಿಕ್ಕ ಮಾತು, ಆದರೆ ಎಷ್ಟೋ ಜನ ಎಡವಿದ್ದು ಇಲ್ಲೇ. ನಮ್ಮಂಥ ಶಾಖಾ ಕಚೇರಿಯಲ್ಲಿ ಹೆಚ್ಚು ನಗದು ಇಟ್ಟುಕೊಳ್ಳುವಂತಿರಲಿಲ್ಲ. ಹಬ್ಬದ ವಾರ ಮನಿಯಾರ್ಡರುಗಳು ಒಟ್ಟಿಗೆ ಬಂದರೆ ಮೇಲಿನ ಕಚೇರಿಗೆ ಹಣ ಬೇಕೆಂದು ಬರೆದು, ಅದು ಚೀಲದಲ್ಲಿ ಬರುವವರೆಗೆ ಕಾಯಬೇಕಿತ್ತು. "ಇವತ್ತು ಗೌರಮ್ಮನನ್ನು ಕೂರಿಸಿರುತ್ತೀಯ" ಅಂತ ಬರೆದ ಕೂಪನ್ನು ಗಣೇಶನನ್ನೂ ಕೆರೆಗೆ ಬಿಟ್ಟು ಬಂದ ಮೇಲೆ ತಲುಪಿದರೆ ಓದುವ ನನಗೇ ಮುಜುಗರ. ಹಬ್ಬ ಮುಂದಿದ್ದರೂ ಹಿಂದಿದ್ದರೂ ಒಪ್ಪುವ ಹಾಗೆ ಬರೆದವರು ಗೆದ್ದರು. ತಡವಾಗಿ ಬಂದದ್ದಕ್ಕೆ ಒಬ್ಬ ತಂಗಿ ಕೊಟ್ಟ ಉತ್ತರ ಇದು: "ಗೌರಿಯನ್ನು ಕರೆದುಕೊಂಡು ಹೋಗೋಕೆ ಗಣೇಶ ಮಾರನೇ ದಿನಕ್ಕೇ ಬಂದ. ನೀನು ಅವನಿಗಿಂತ ದಪ್ಪ ಇದ್ದೀಯ ಅಂತ ಕಾಣುತ್ತೆ, ನಡೆಯೋಕಾಗಲಿಲ್ಲ."

7. ಈಗಿನವರಿಗೆ

ಮನಿಯಾರ್ಡರು ಕಂಪ್ಯೂಟರಿಗೆ ಹೋದ ಮೇಲೆ ಕೂಪನ್ನಿನ ಕೈಬರಹ ಮಾಯವಾಗಿ ಸಿದ್ಧ ಸಂದೇಶಗಳು ಬಂದವು. 2015ರಲ್ಲಿ ಹಳೆಯ ಮನಿಯಾರ್ಡರೇ ನಿಂತಿತು. ಈಗ ಫೋನ್‌ನಲ್ಲಿ ದುಡ್ಡು ಕ್ಷಣಕ್ಕೆ ಸೇರುತ್ತದೆ, ಕಮಿಷನ್ ಇಲ್ಲ, ಸಾಕ್ಷಿ ಬೇಡ. ಜೊತೆಗೆ ಯಾರೋ ಮಾಡಿದ ಗೌರಿಯ ಚಿತ್ರವೊಂದು ಫಾರ್ವರ್ಡ್ ಆಗಿ ಬರುತ್ತದೆ, ತಂಗಿ ಕೈಮುಗಿದ ಗುರುತು ಕಳಿಸುತ್ತಾಳೆ. ಅಲ್ಲಿಗೆ ಮುಗಿಯಿತು. ದುಡ್ಡು ಹಾಕುವಾಗ ಟಿಪ್ಪಣಿಗೆ ಒಂದು ಸಣ್ಣ ಜಾಗ ಇರುತ್ತದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ನಾನಾದರೆ ಅಲ್ಲೇ ಬರೆಯುತ್ತೇನೆ.

ಮನೆಮಂದಿಯೆಲ್ಲ ಇರುವ ವಾಟ್ಸಾಪ್ ಗುಂಪು ಹಳೆಯ ಜಗಲಿಯೇ. ಅತ್ತೆ, ಓರಗಿತ್ತಿ, ಸಾಕ್ಷಿದಾರ ಎಲ್ಲರೂ ಅಲ್ಲಿದ್ದಾರೆ. ಆದ್ದರಿಂದ ಗುಂಪಿನಲ್ಲಿ ಕೀಟಲೆ ಹಾಕಿ, ಊಟ, ಆರೋಗ್ಯ, ಕಷ್ಟಸುಖವನ್ನು ಬೇರೆಯಾಗಿ ಫೋನ್ ಮಾಡಿ ಕೇಳಿ. ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ತಂಗಿ ಮೈಸೂರಿನಲ್ಲಿ ನರ್ಸು. ಹೋದ ಹಬ್ಬಕ್ಕೆ ಅವನು ಹಾಕಿದ್ದು ಹೀಗೆ: "ಅರಿಶಿನ ಕುಂಕುಮಕ್ಕೆ ಹಾಕಿದೀನಿ ನೋಡು. ಚಾರ್ಜರ್ ತಗೋಬೇಡ, ನನ್ನದು ಎತ್ಕೊಂಡು ಹೋದೆಯಲ್ಲ, ಅದೇ ಸಾಕು."

ಅವಳ ಉತ್ತರ: "ಬಂತು ಅಣ್ಣ. ಸೀರೆ ಬಾರ್ಡರ್ ಫೋಟೋ ಆಮೇಲೆ ಹಾಕ್ತೀನಿ. ಚಾರ್ಜರ್ ಬೇಕಾದ್ರೆ ಬಂದು ತಗೊಂಡ್ಹೋಗು, ಕೊರಿಯರ್ ಮಾಡಲ್ಲ. ಒಬ್ಬಟ್ಟು ಭಾನುವಾರದವರೆಗೆ ಇರುತ್ತೆ, ಆಮೇಲೆ ಗ್ಯಾರಂಟಿ ಇಲ್ಲ."

ಅವನಿಗೆ ಬಿಡುವು ಸಿಕ್ಕಿದ್ದು ಮಂಗಳವಾರ. ಒಬ್ಬಟ್ಟನ್ನು ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದಳಂತೆ. ಚಾರ್ಜರ್ ಮಾತ್ರ ಕೊಡಲಿಲ್ಲ.